ಸ್ಟೇಟಸ್‌ನಲ್ಲಿ ಅಂಗಡಿ: ಇವತ್ತು ಏನಿದೆ, ಎಷ್ಟಿದೆ, ಎಷ್ಟಕ್ಕಿದೆ



ಹಸು ಸಾಕುವುದರ ಜೊತೆಗೆ ಮನೆ ಮುಂದೆಯೋ ಡೇರಿ ಪಕ್ಕದಲ್ಲೋ ಒಂದು ಚಿಕ್ಕ ಚಿಲ್ಲರೆ ಅಂಗಡಿ ಇಟ್ಟುಕೊಂಡವರು ನಮ್ಮ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಊರುಗಳಲ್ಲಿ ಬೇಕಾದಷ್ಟು ಜನ ಇದ್ದೀರಿ. ಸೋಪು, ಬೇಳೆ, ಸೊಪ್ಪು ತರಕಾರಿ, ಒಂದೆರಡು ಮೂಟೆ ಹಿಂಡಿ, ಬೂಸ. ಅಂಗಡಿ ಚಿಕ್ಕದಾದರೂ ಅದರಲ್ಲಿ ದಿನವೂ ಎರಡು ಕಡೆ ನಷ್ಟ ಆಗುತ್ತಿರುತ್ತದೆ. ಒಂದು, ಹಿಂಡಿ ಬೇಕೆಂದು ಬಂದವರು ಇಲ್ಲವೆಂದು ತಿಳಿದು ಬರಿಗೈಯಲ್ಲಿ ಹೋಗುತ್ತಾರೆ, ಮುಂದಿನ ಸಲ ಪಕ್ಕದೂರಿಗೇ ಹೋಗುತ್ತಾರೆ. ಇನ್ನೊಂದು, ಬೆಳಿಗ್ಗೆ ತಂದ ಸೊಪ್ಪು ಸಾಯಂಕಾಲಕ್ಕೆ ಬಾಡುತ್ತದೆ, ಅದು ಉಳಿದಿದೆ ಎಂಬುದೇ ಯಾರಿಗೂ ಗೊತ್ತಿರುವುದಿಲ್ಲ. ಎರಡಕ್ಕೂ ಕಾರಣ ಒಂದೇ. ಅಂಗಡಿಯಲ್ಲಿ ಈಗ ಏನಿದೆ ಎಂಬುದು ಅಂಗಡಿಯೊಳಗೆ ಕೂತವರಿಗೆ ಮಾತ್ರ ಗೊತ್ತು.

ಇದನ್ನು ಗಿರಾಕಿಗಳಿಗೆ ತಿಳಿಸಲು ವಾಟ್ಸಾಪ್ ಸ್ಟೇಟಸ್ ಸಾಕು, ಅದಕ್ಕೆ ಬೇರೆ ಖರ್ಚಿಲ್ಲ. ಆದರೆ ಹಬ್ಬದ ಶುಭಾಶಯ ಹಾಕಿದಂತೆ ಸ್ಟೇಟಸ್ ಹಾಕಿಬಿಟ್ಟರೆ ವ್ಯಾಪಾರ ಆಗುವುದಿಲ್ಲ. ಅದು ಯಾರಿಗೆ ಕಾಣುತ್ತದೆ, ಎಷ್ಟು ಹೊತ್ತು ಕಾಣುತ್ತದೆ, ಯಾವ ಸರಕಿಗೆ ಏನು ಬರೆಯಬೇಕು ಎಂಬ ಮೂರು ವಿಷಯ ಸರಿಯಾಗಿ ತಿಳಿದಿರಬೇಕು.

ಎರಡೂ ಕಡೆ ನಂಬರ್ ಸೇವ್ ಆಗಿರಬೇಕು

"ನನ್ನ ಫೋನಿನಲ್ಲಿ ಇನ್ನೂರು ನಂಬರ್ ಇದೆ, ಸ್ಟೇಟಸ್ ನೋಡಿದವರು ಮೂವತ್ತೇ ಜನ" ಎಂದು ಹಲವರು ಹೇಳುತ್ತಾರೆ. ಅದಕ್ಕೆ ಮುಖ್ಯ ಕಾರಣ ಇಲ್ಲಿದೆ. ನಿಮ್ಮ ಸ್ಟೇಟಸ್ ಒಬ್ಬರಿಗೆ ಕಾಣಬೇಕಾದರೆ ಅವರ ನಂಬರ್ ನಿಮ್ಮ ಫೋನಿನಲ್ಲಿ ಸೇವ್ ಆಗಿರಬೇಕು, ನಿಮ್ಮ ನಂಬರ್ ಅವರ ಫೋನಿನಲ್ಲೂ ಸೇವ್ ಆಗಿರಬೇಕು. ಒಂದು ಕಡೆ ಮಾತ್ರ ಇದ್ದರೆ ಕಾಣುವುದಿಲ್ಲ. ನೀವು ಇನ್ನೂರು ಜನರನ್ನು ಸೇವ್ ಮಾಡಿಕೊಂಡು, ಅವರಲ್ಲಿ ಅರವತ್ತು ಜನ ಮಾತ್ರ ನಿಮ್ಮನ್ನು ಸೇವ್ ಮಾಡಿಕೊಂಡಿದ್ದರೆ, ನಿಮ್ಮ ಅಂಗಡಿಯ ಸ್ಟೇಟಸ್ ತಲುಪುವುದು ಆ ಅರವತ್ತು ಜನಕ್ಕೆ ಅಷ್ಟೇ.

ಆದ್ದರಿಂದ ಮೊದಲ ಹದಿನೈದು ದಿನ ಸ್ಟೇಟಸ್ ಚೆಂದ ಮಾಡುವುದಕ್ಕಿಂತ ನಂಬರ್ ಸೇವ್ ಮಾಡಿಸುವ ಕೆಲಸವನ್ನೇ ಮಾಡಿ. ಗಿರಾಕಿ ಅಂಗಡಿಗೆ ಬಂದಾಗ, ಸಾಮಾನು ಕಟ್ಟಿಕೊಡುವಷ್ಟರಲ್ಲಿ, ಅವರ ಫೋನಿನಿಂದ ನಿಮಗೆ ಒಂದು ಮಿಸ್ಡ್ ಕಾಲ್ ಕೊಡಿಸಿ. ನೀವು ಅವರ ನಂಬರ್ ಸೇವ್ ಮಾಡಿಕೊಳ್ಳಿ, ಅವರ ಫೋನಿನಲ್ಲಿ ನಿಮ್ಮ ಅಂಗಡಿಯ ಹೆಸರು ಸೇವ್ ಆಗುವವರೆಗೂ ನೋಡಿ. "ಆಮೇಲೆ ಮಾಡ್ಕೋತೀನಿ ಅಕ್ಕ" ಎಂದು ಹೋದವರು ಮಾಡಿಕೊಳ್ಳುವುದು ಕಡಿಮೆ. ಮನೆಯಲ್ಲಿ ಸ್ಮಾರ್ಟ್‌ಫೋನ್ ಯಾರ ಕೈಯಲ್ಲಿದೆ ಎಂದೂ ಕೇಳಿ. ಕೆಲವು ಮನೆಗಳಲ್ಲಿ ಹಿಂಡಿ ತರಬೇಕೆಂದು ತೀರ್ಮಾನಿಸುವವರು ಅತ್ತೆ, ಫೋನ್ ಇರುವುದು ಸೊಸೆಯ ಬಳಿ. ಅಂಥ ಮನೆಯಲ್ಲಿ ಸೊಸೆಯ ನಂಬರೇ ನಿಮಗೆ ಬೇಕಾದದ್ದು.

ಸೇವ್ ಮಾಡುವಾಗ ಬರೀ ಹೆಸರು ಬರೆಯಬೇಡಿ. ಹೆಸರಿನ ಜೊತೆ ಊರು, ಅವರು ಹೆಚ್ಚಾಗಿ ಕೊಳ್ಳುವ ಸಾಮಾನು, ಎಷ್ಟು ಹಸು ಎಂದು ಚಿಕ್ಕದಾಗಿ ಸೇರಿಸಿ. "ಮೇಲಿನ ಬೀದಿ, 2 ಹಸು, ಹಿಂಡಿ" ಎಂದಿದ್ದರೆ, ಸ್ಟೇಟಸ್ ನೋಡಿದವರ ಪಟ್ಟಿಯಲ್ಲಿ ಆ ಹೆಸರು ಕಂಡಾಗ ಯಾರಿಗೆ ಏನು ಬೇಕಿದೆ ಎಂದು ತಕ್ಷಣ ತಿಳಿಯುತ್ತದೆ.

ಮನೆಯ ನಂಬರ್ ಬೇರೆ, ಅಂಗಡಿಯ ನಂಬರ್ ಬೇರೆ

ನಂಬರ್ ಹತ್ತಾರು ಮನೆಗೆ ಹೋಗುತ್ತದೆ ಎಂದ ಮೇಲೆ ಹೆಣ್ಣುಮಕ್ಕಳು ಇನ್ನೊಂದು ಮಾತನ್ನೂ ಯೋಚಿಸಬೇಕು. ನಿಮ್ಮ ಸ್ವಂತ ನಂಬರನ್ನೇ ಅಂಗಡಿಗೂ ಬಳಸಿದರೆ, ಹಿಂಡಿಯ ಬೆಲೆ ನೋಡಲು ಸೇವ್ ಮಾಡಿಕೊಂಡವರಿಗೆ ನಿಮ್ಮ ಮನೆಯ ಮದುವೆಯ ಫೋಟೊ, ಮಕ್ಕಳ ಫೋಟೊ ಎಲ್ಲವೂ ಕಾಣುತ್ತವೆ. ಫೋನಿನಲ್ಲಿ ಎರಡು ಸಿಮ್‌ಗೆ ಜಾಗ ಇದ್ದರೆ ಇದಕ್ಕೆ ಸುಲಭ ದಾರಿ ಇದೆ. ಮನೆಯ ನಂಬರಿಗೆ ಮಾಮೂಲಿ ವಾಟ್ಸಾಪ್ ಇರಲಿ. ಎರಡನೆಯ ಸಿಮ್‌ಗೆ WhatsApp Business ಎಂಬ ಆ್ಯಪ್ ಹಾಕಿಕೊಳ್ಳಿ. ಅದಕ್ಕೂ ದುಡ್ಡಿಲ್ಲ, ಎರಡೂ ಒಂದೇ ಫೋನಿನಲ್ಲಿ ನಡೆಯುತ್ತವೆ. ಅದರ ಪ್ರೊಫೈಲ್‌ಗೆ ನಿಮ್ಮ ಫೋಟೊ ಬದಲು ಅಂಗಡಿಯ ಫೋಟೊ ಹಾಕಿ.

ಈ ಆ್ಯಪ್‌ನಲ್ಲಿ ನಮ್ಮಂಥವರಿಗೆ ಉಪಯೋಗವಾಗುವ ಇನ್ನೊಂದು ಸೌಲಭ್ಯವಿದೆ. ಹಾಲು ಕರೆಯುವ ಹೊತ್ತಿನಲ್ಲಿ ಯಾರಾದರೂ ಮೆಸೇಜ್ ಮಾಡಿದರೆ ಕೆಚ್ಚಲ ಮೇಲಿನ ಕೈ ತೆಗೆದು ಉತ್ತರ ಕೊಡಲು ಆಗುವುದಿಲ್ಲ. ಅಂಗಡಿ ತೆರೆದಿರುವ ಹೊತ್ತನ್ನು ಪ್ರೊಫೈಲ್‌ನಲ್ಲಿ ಬರೆದು, Away message ಎಂಬಲ್ಲಿ "ಈಗ ಹಾಲಿನ ಕೆಲಸದಲ್ಲಿದ್ದೇನೆ, ಎಂಟು ಗಂಟೆ ಮೇಲೆ ಉತ್ತರ ಕೊಡುತ್ತೇನೆ" ಎಂದು ಬರೆದು, Outside of business hours ಎಂದು ಆರಿಸಿಟ್ಟರೆ, ಅಂಗಡಿ ಮುಚ್ಚಿರುವಾಗ ಬಂದ ಮೆಸೇಜಿಗೆ ಆ ಉತ್ತರ ತಾನೇ ಹೋಗುತ್ತದೆ. ಕೇಳಿದವರಿಗೆ ಬೇಸರವಾಗುವುದಿಲ್ಲ.

ಒಂದೇ ನಂಬರ್ ಇರುವವರು ಸ್ಟೇಟಸ್ ಹಾಕುವ ಮೊದಲು Status privacy ಎಂಬುದನ್ನು ತೆರೆದು ನೋಡಿ. My contacts ಎಂದಿದ್ದರೆ ಎಲ್ಲರಿಗೂ ಹೋಗುತ್ತದೆ. My contacts except… ಎಂಬಲ್ಲಿ ಯಾರಿಗೆ ಬೇಡವೋ ಅವರನ್ನು ಬಿಡಬಹುದು. Only share with… ಎಂಬಲ್ಲಿ ಆರಿಸಿದವರಿಗೆ ಮಾತ್ರ ಹೋಗುತ್ತದೆ. ಇಲ್ಲಿ ಒಂದು ಎಚ್ಚರಿಕೆ ಬೇಕು. ಮನೆಯ ಫೋಟೊ ಹಾಕಲೆಂದು ಒಮ್ಮೆ Only share with… ಆರಿಸಿಟ್ಟು ಮರೆತರೆ, ಮಾರನೆಯ ದಿನದ ಅಂಗಡಿ ಸ್ಟೇಟಸ್ ಕೂಡ ಆ ನಾಲ್ಕು ಜನಕ್ಕೇ ಹೋಗುತ್ತದೆ. ನೋಡಿದವರ ಸಂಖ್ಯೆ ಒಂದೇ ದಿನದಲ್ಲಿ ಕುಸಿದರೆ ಮೊದಲು ಇದನ್ನು ನೋಡಿ.

ಕೆಡದ ಸರಕಿಗೆ ಸುದ್ದಿ, ಕೆಡುವ ಸರಕಿಗೆ ಆಫರ್

ಎಲ್ಲ ಸಾಮಾನಿಗೂ ಬೆಲೆ ಇಳಿಸಿ ಆಫರ್ ಎಂದು ಹಾಕುವುದು ಅಂಗಡಿಗೆ ಒಳ್ಳೆಯದಲ್ಲ. ಹಿಂಡಿಯನ್ನೇ ತೆಗೆದುಕೊಳ್ಳಿ. ಲೆಕ್ಕಕ್ಕೆಂದು ಕೆ.ಜಿ.ಗೆ 3 ರೂಪಾಯಿ ಉಳಿಯುತ್ತದೆ ಎಂದು ಹಿಡಿಯೋಣ. 50 ಕೆ.ಜಿ.ಯ 3 ಮೂಟೆ, ಅಂದರೆ 150 ಕೆ.ಜಿ. ಮಾರಿದರೆ ನಿಮಗೆ 450 ರೂಪಾಯಿ. ಕೆ.ಜಿ.ಗೆ 2 ರೂಪಾಯಿ ಕಡಿಮೆ ಎಂದು ಆಫರ್ ಹಾಕಿದರೆ ಉಳಿಯುವುದು 150 ರೂಪಾಯಿ. ಮೊದಲಿನಷ್ಟೇ ಲಾಭ ಬರಬೇಕಾದರೆ 9 ಮೂಟೆ ಮಾರಬೇಕು. ಊರಿನಲ್ಲಿ ಇರುವ ಹಸುಗಳ ಸಂಖ್ಯೆ ಅಷ್ಟೇ. ಆಫರ್ ಇದೆಯೆಂದು ಹಸು ಮೂರು ಪಟ್ಟು ಹಿಂಡಿ ತಿನ್ನುವುದಿಲ್ಲ.

ಹಿಂಡಿ ಕೊಳ್ಳುವ ಮನೆಗೆ ಬೇಕಾದದ್ದು ಎರಡು ರೂಪಾಯಿ ರಿಯಾಯಿತಿಗಿಂತ ಹೆಚ್ಚಾಗಿ, ಸರಕು ಬಂದಿದೆ, ಇಷ್ಟಿದೆ ಎಂಬ ನಂಬಿಕೆಯ ಸುದ್ದಿ. ಇದು ಹಸು ಕಟ್ಟಿದವರಿಗೆ ಹೇಳಿಕೊಡಬೇಕಾದ ಮಾತಲ್ಲ. ಹಿಂಡಿ ಇಲ್ಲವೆಂದು ಎರಡು ದಿನ ಬೇರೇನೋ ಹಾಕಿ, ಮತ್ತೆ ಹಳೆಯದಕ್ಕೆ ಬಂದರೆ ಹಸುವಿನ ಹೊಟ್ಟೆ ಹೊಂದಿಕೊಳ್ಳುವುದಿಲ್ಲ, ಹಾಲು ಇಳಿಯುತ್ತದೆ. ಆಹಾರ ಬದಲಿಸಬೇಕಾದರೆ ವಾರದಷ್ಟು ದಿನ ಸ್ವಲ್ಪ ಸ್ವಲ್ಪವೇ ಬೆರೆಸುತ್ತ ಬದಲಿಸಬೇಕು. ಹಾಗಾಗಿ "ಇವತ್ತು ಬಂದಿದೆ", "ನಾಳೆ ಮುಗಿಯಬಹುದು" ಎಂಬ ಎರಡು ಸಾಲಿನ ಸುದ್ದಿಗೆ ಆ ಮನೆಯಲ್ಲಿ ಲೀಟರ್ ಲೆಕ್ಕದ ಬೆಲೆ ಇದೆ.

ಸೊಪ್ಪು ತರಕಾರಿಯ ಲೆಕ್ಕ ಬೇರೆ. 8 ರೂಪಾಯಿಯಂತೆ 40 ಕಟ್ಟು ಕೊತ್ತಂಬರಿ ತಂದಿರಿ ಎನ್ನಿ. ಬಂಡವಾಳ 320 ರೂಪಾಯಿ. ಸಾಯಂಕಾಲ ನಾಲ್ಕರವರೆಗೆ 12 ರೂಪಾಯಿಯಂತೆ 25 ಕಟ್ಟು ಹೋದವು, ಕೈಗೆ 300 ರೂಪಾಯಿ ಬಂತು. ಉಳಿದ 15 ಕಟ್ಟು ರಾತ್ರಿಗೆ ಬಾಡಿದರೆ ದಿನದ ಕೊನೆಗೆ 20 ರೂಪಾಯಿ ನಷ್ಟ. ನಾಲ್ಕಕ್ಕೆ "ಕೊತ್ತಂಬರಿ 15 ಕಟ್ಟು ಇದೆ, 8 ರೂಪಾಯಿ, ಏಳರವರೆಗೆ" ಎಂದು ಫೋಟೊ ಹಾಕಿ, ಸಾಯಂಕಾಲ ಹಾಲು ಹಾಕಲು ಬಂದವರು 10 ಕಟ್ಟು ಕೊಂಡರೆ 80 ರೂಪಾಯಿ ಸೇರಿ ಒಟ್ಟು 380 ಆಯಿತು. 5 ಕಟ್ಟು ಮನೆ ಸಾರಿಗೆ ಹೋದರೂ 60 ರೂಪಾಯಿ ಉಳಿಯಿತು. ಇಲ್ಲಿ ಆಫರ್ ಲಾಭ ತಂದಿತು, ಏಕೆಂದರೆ ಅದು ಎಸೆಯಬೇಕಾಗಿದ್ದ ಸರಕು.

ಆದರೆ ಇದನ್ನೇ ದಿನವೂ ನಾಲ್ಕು ಗಂಟೆಗೆ ಹಾಕತೊಡಗಿದರೆ ಗಿರಾಕಿಗಳು ಬೆಳಿಗ್ಗೆ ಕೊಳ್ಳುವುದನ್ನೇ ಬಿಟ್ಟು ನಾಲ್ಕಾಗಲಿ ಎಂದು ಕಾಯುತ್ತಾರೆ. ಬೆಳಿಗ್ಗೆ ವ್ಯಾಪಾರ ಇಳಿದು ಸಾಯಂಕಾಲ ಮಾತ್ರ ಏರಿದರೆ ಹೀಗಾಗಿದೆ ಎಂದು ತಿಳಿಯಿರಿ. ನಿಜವಾಗಿ ಉಳಿದ ದಿನ ಮಾತ್ರ ಆಫರ್ ಹಾಕಿ. ದಿನವೂ ಉಳಿಯುತ್ತಿದ್ದರೆ ಮರುದಿನ 40ರ ಬದಲು 30 ಕಟ್ಟು ತನ್ನಿ.

ಇಪ್ಪತ್ತನಾಲ್ಕು ಗಂಟೆಯ ತೊಡಕು

ಹಾಕಿದ ಸ್ಟೇಟಸ್ ಇಪ್ಪತ್ತನಾಲ್ಕು ಗಂಟೆ ಇರುತ್ತದೆ, ಆಮೇಲೆ ತಾನೇ ಹೋಗುತ್ತದೆ. ಇದು ಅನುಕೂಲವೂ ಹೌದು, ತೊಡಕೂ ಹೌದು. ನಿನ್ನೆ ಸಾಯಂಕಾಲ ನಾಲ್ಕಕ್ಕೆ ಹಾಕಿದ ಕೊತ್ತಂಬರಿ ಆಫರ್ ಇವತ್ತು ಮಧ್ಯಾಹ್ನವೂ ಕಾಣುತ್ತಿರುತ್ತದೆ. ಅದನ್ನು ನೋಡಿದವರು "8 ರೂಪಾಯಿ ಅಂತ ಹಾಕಿದ್ದೀಯಲ್ಲಮ್ಮ" ಎಂದು ತಾಜಾ ಸೊಪ್ಪಿನ ಮುಂದೆ ನಿಂತರೆ ನಿಮ್ಮ ಬಳಿ ಉತ್ತರವಿರುವುದಿಲ್ಲ. ಕೊಟ್ಟರೆ ನಷ್ಟ, ಕೊಡದಿದ್ದರೆ ಮಾತು ತಪ್ಪಿದಂತೆ.

ಇದಕ್ಕೆ ಎರಡು ಅಭ್ಯಾಸ ಬೇಕು. ಮೊದಲನೆಯದು, ಪ್ರತಿ ಸ್ಟೇಟಸ್‌ನಲ್ಲಿ ತಾರೀಕು ಮತ್ತು ಎಷ್ಟು ಗಂಟೆವರೆಗೆ ಎಂಬುದನ್ನು ಬರೆಯುವುದು. ಎರಡನೆಯದು, ಸರಕು ಮುಗಿದ ಕೂಡಲೇ ಆ ಸ್ಟೇಟಸ್ ಅಳಿಸುವುದು. Updates ಎಂಬಲ್ಲಿ ನಿಮ್ಮ ಸ್ಟೇಟಸ್ ತೆರೆದು, ಅದರ ಪಕ್ಕದ ಮೂರು ಚುಕ್ಕಿ ಒತ್ತಿ Delete ಕೊಟ್ಟರೆ ಅದು ಎಲ್ಲರ ಫೋನಿನಿಂದಲೂ ಹೋಗುತ್ತದೆ. ಅದನ್ನು ನೋಡಿ ಆಗಲೇ ಮನೆಯಿಂದ ಹೊರಟವರಿಗಾಗಿ "ಮುಗಿದಿದೆ" ಎಂಬ ಹೊಸ ಸ್ಟೇಟಸ್ ಹಾಕಿ. ಮುಂದಿನ ಸರಕು ಯಾವತ್ತು ಬರುತ್ತದೆ ಎಂಬುದನ್ನು ಸರಕು ಕಳಿಸುವವರು ಖಚಿತವಾಗಿ ಹೇಳಿದ್ದರೆ ಮಾತ್ರ ಬರೆಯಿರಿ.

ಸ್ಟೇಟಸ್‌ಗಳ ಸಂಖ್ಯೆಯೂ ಮಿತವಾಗಿರಲಿ. ಹಾಕಿದ ಸರದಿಯಲ್ಲೇ ಅವು ಒಂದಾದ ಮೇಲೆ ಒಂದು ಬರುತ್ತವೆ. ಹತ್ತು ಹಾಕಿದರೆ ನೋಡುವವರು ಮೂರನೆಯದಕ್ಕೇ ಬೇಸರಪಟ್ಟು ಮುಂದೆ ಹೋಗುತ್ತಾರೆ, ನಿಮ್ಮ ಹಿಂಡಿ ಎಂಟನೆಯದರಲ್ಲಿ ಇರುತ್ತದೆ. ದಿನಕ್ಕೆ ಮೂರು ನಾಲ್ಕು ಸಾಕು. ಎಷ್ಟು ಜನ ಪೂರ್ತಿ ನೋಡಿದರು ಎಂದು ತಿಳಿಯಬೇಕಾದರೆ ಮೊದಲನೆಯ ಮತ್ತು ಕೊನೆಯ ಸ್ಟೇಟಸ್‌ಗಳ ಕೆಳಗಿನ ಕಣ್ಣಿನ ಗುರುತಿನ ಪಕ್ಕದ ಸಂಖ್ಯೆ ಹೋಲಿಸಿ ನೋಡಿ. ಮೊದಲನೆಯದಕ್ಕೆ 60, ಕೊನೆಯದಕ್ಕೆ 25 ಇದ್ದರೆ ಉದ್ದವಾಯಿತು ಎಂದರ್ಥ.

ಫೋಟೊ ಮತ್ತು ಅಂಕಿ ಮಾತಾಡಲಿ

ಮುಳಬಾಗಿಲು, ಶ್ರೀನಿವಾಸಪುರದ ಕಡೆ ಮನೆಯಲ್ಲಿ ತೆಲುಗು ಆಡುವವರು ಬಹಳ. ಕನ್ನಡ ಮಾತಾಡಿದರೂ ಓದಲು ಬಾರದವರಿದ್ದಾರೆ, ಯಾವ ಭಾಷೆಯನ್ನೂ ಓದಲು ಬಾರದ ಹಿರಿಯರಿದ್ದಾರೆ. ಆದರೆ ಫೋಟೊ ಎಲ್ಲರಿಗೂ ಅರ್ಥವಾಗುತ್ತದೆ, ನೋಟು ಎಣಿಸುವವರೆಲ್ಲ ಅಂಕಿ ಓದುತ್ತಾರೆ. ಹಾಗಾಗಿ ಉದ್ದ ಬರಹ ಬೇಡ. ಇಂಟರ್ನೆಟ್‌ನಲ್ಲಿ ಸಿಕ್ಕ ಚೆಂದದ ಚಿತ್ರವೂ ಬೇಡ. ಇವತ್ತು ನಿಮ್ಮ ಅಂಗಡಿಗೆ ಬಂದ ಮೂಟೆಯನ್ನೇ ಹಗಲು ಬೆಳಕಿನಲ್ಲಿ ಬಾಗಿಲ ಬಳಿ ಇಟ್ಟು ಫೋಟೊ ತೆಗೆಯಿರಿ. ಪಕ್ಕದಲ್ಲಿ ಸ್ಲೇಟಿನ ಮೇಲೆ ಸೀಮೆಸುಣ್ಣದಿಂದ ಬೆಲೆ, ಎಷ್ಟಿದೆ, ತಾರೀಕು ಈ ಮೂರನ್ನು ದಪ್ಪಗೆ ಬರೆದಿಡಿ. ಫೋನಿನಲ್ಲಿ ಅಕ್ಷರ ಕೂರಿಸಲು ಕಷ್ಟಪಡಬೇಕಾಗಿಲ್ಲ. ಹಿಂಡಿಯನ್ನು ಕೈಯಲ್ಲಿ ಪುಡಿ ಮಾಡಿ ತೋರಿಸುವ ಹತ್ತು ಸೆಕೆಂಡಿನ ವಿಡಿಯೊದಲ್ಲಿ ಬೆಲೆಯನ್ನು ಕನ್ನಡದಲ್ಲೊಮ್ಮೆ, ತೆಲುಗಿನಲ್ಲೊಮ್ಮೆ ಹೇಳಿದರೆ ಇನ್ನೂ ಒಳ್ಳೆಯದು.

ಪೊಟ್ಟಣದ ಮೇಲೆ ಮುದ್ರಿಸಿದ ಎಂಆರ್‌ಪಿ ಇರುವ ಸಾಮಾನಿಗೆ ಅದಕ್ಕಿಂತ ಹೆಚ್ಚು ಬೆಲೆ ಬರೆದು, ಅದನ್ನು ಹೊಡೆದು ಹಾಕಿ ಎಂಆರ್‌ಪಿಯನ್ನೇ ಆಫರ್ ಎಂದು ತೋರಿಸಬೇಡಿ. ಪೊಟ್ಟಣ ತಿರುಗಿಸಿ ನೋಡಿದ ಗಿರಾಕಿ ಆಮೇಲೆ ನಿಮ್ಮ ಹಿಂಡಿಯ ತೂಕವನ್ನೂ ನಂಬುವುದಿಲ್ಲ.

ಒಂದು ದಿನದ ಲೆಕ್ಕ

ಈಗ ಇದೆಲ್ಲವನ್ನೂ ಒಂದು ದಿನದಲ್ಲಿ ಇಟ್ಟು ನೋಡೋಣ. ಅಂಗಡಿಗೆ ಮೂರು ಮೂಟೆ ಕಡಲೆಕಾಯಿ ಹಿಂಡಿ, 150 ಕೆ.ಜಿ. ಬಂದಿದೆ. ನಿಮ್ಮ ಊರಿನಲ್ಲಿ ಒಂದು ಮನೆಯವರು ಸಾಮಾನ್ಯವಾಗಿ 10 ಕೆ.ಜಿ. ಒಯ್ಯುತ್ತಾರೆ ಎಂದರೆ ಇದು 15 ಮನೆಗೆ ಆಗುತ್ತದೆ. ಸ್ಟೇಟಸ್ ನೋಡುವವರು 60 ಜನ. ಅಷ್ಟು ಜನಕ್ಕೆ "ಹಿಂಡಿ ಬಂದಿದೆ" ಎಂದಷ್ಟೇ ಹೇಳಿದರೆ ಬಹಳ ಜನ ಬರಿಗೈಯಲ್ಲಿ ಹಿಂತಿರುಗಬೇಕಾದೀತು. ಆದ್ದರಿಂದ ಎಷ್ಟಿದೆ ಎಂಬುದು ಮುಖ್ಯ.

ಬೆಳಿಗ್ಗೆ ಹಾಲು ಹಾಕಿ ಎಲ್ಲರೂ ಮನೆ ಸೇರುವ ಎಂಟೂವರೆ ಹೊತ್ತಿಗೆ ಮೊದಲ ಸ್ಟೇಟಸ್ ಹಾಕಿ: "ಕಡಲೆಕಾಯಿ ಹಿಂಡಿ 150 ಕೆ.ಜಿ. ಬಂದಿದೆ, ಒಂದು ಮನೆಗೆ 10 ಕೆ.ಜಿ., ಬೇಕಾದವರು ಇಲ್ಲಿಯೇ ತಿಳಿಸಿ." ಸ್ಟೇಟಸ್‌ಗೆ ಕೊಟ್ಟ ಉತ್ತರ ನಿಮಗೆ ಮಾತ್ರ ಬರುತ್ತದೆ, ಬೇರೆಯವರಿಗೆ ಕಾಣುವುದಿಲ್ಲ. "ಅಕ್ಕ, 10 ಕೆ.ಜಿ. ಎತ್ತಿಟ್ಟಿರು, ಸಾಯಂಕಾಲ ಹಾಲು ಹಾಕೋಕೆ ಬಂದಾಗ ತಗೊಂಡು ಹೋಗ್ತೀನಿ" ಎಂದು ಒಬ್ಬರು, "ಹಿಂಡಿ ಉಂದಾ ಅಕ್ಕಾ?" ಎಂದು ಇನ್ನೊಬ್ಬರು. ಎತ್ತಿಡಿ ಎಂದವರ ಹೆಸರನ್ನು ಚೀಲದ ಮೇಲೇ ಬರೆದಿಡಿ, ಇಂತಿಷ್ಟು ಗಂಟೆವರೆಗೆ ಇಟ್ಟಿರುತ್ತೇನೆ ಎಂದು ಉತ್ತರ ಕೊಡಿ. ಗಡುವಿಲ್ಲದೆ ಎತ್ತಿಟ್ಟ ಸರಕು ಅತ್ತ ಅವರಿಗೂ ಹೋಗದೆ ಇತ್ತ ಬೇರೆಯವರಿಗೂ ಸಿಗದೆ ಉಳಿಯುತ್ತದೆ.

ಮಧ್ಯಾಹ್ನಕ್ಕೆ 9 ಮನೆಯವರು ಒಯ್ದರು, 4 ಮನೆಗೆ ಎತ್ತಿಟ್ಟಿದ್ದೀರಿ. ಲೆಕ್ಕ ಹಾಕಿದರೆ ಉಳಿದದ್ದು 20 ಕೆ.ಜಿ., ಎರಡೇ ಮನೆಗೆ. ಬೆಳಗಿನ ಸ್ಟೇಟಸ್ ಅಳಿಸಿ "ಇನ್ನು 20 ಕೆ.ಜಿ. ಮಾತ್ರ" ಎಂದು ಹಾಕಿ. ನಾಲ್ಕಕ್ಕೆ ಉಳಿದ ಸೊಪ್ಪಿನ ಸ್ಟೇಟಸ್. ರಾತ್ರಿ ಅಂಗಡಿ ಮುಚ್ಚುವ ಮುನ್ನ ಮುಗಿದದ್ದನ್ನೆಲ್ಲ ಅಳಿಸಿ, ನಾಳೆಗೆ ಏನಿದೆಯೋ ಅದೊಂದನ್ನು ಮಾತ್ರ ಬಿಡಿ. ಇಷ್ಟಕ್ಕೆ ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷ ಹಿಡಿಯುತ್ತದೆ.

ನೋಡಿದವರ ಪಟ್ಟಿಯನ್ನು ವಾರಕ್ಕೊಮ್ಮೆ ನಿಧಾನವಾಗಿ ನೋಡಿ. ಹಿಂಡಿ ಕೊಳ್ಳುವ ಮನೆಯ ಹೆಸರು ವಾರವಿಡೀ ಕಾಣದಿದ್ದರೆ ಅವರು ನಿಮ್ಮ ನಂಬರ್ ಸೇವ್ ಮಾಡಿಕೊಂಡಿಲ್ಲದಿರಬಹುದು, ಫೋನ್ ಬದಲಿಸಿರಬಹುದು. ನೀಲಿ ಗೆರೆ ಕಾಣದಂತೆ ಇಟ್ಟುಕೊಂಡವರು ನೋಡಿದರೂ ಪಟ್ಟಿಗೆ ಬರುವುದಿಲ್ಲ. ಆದ್ದರಿಂದ ಹೆಸರಿಲ್ಲವೆಂದು ನೀವೇ ತೀರ್ಮಾನಿಸಬೇಡಿ, ಡೇರಿಯಲ್ಲಿ ಸಿಕ್ಕಾಗ ಕೇಳಿ. ಹಾಗೆಯೇ ನೋಡಿದವರೆಲ್ಲ ಕೊಳ್ಳುವುದಿಲ್ಲ. ನೋಟ್‌ಬುಕ್‌ನಲ್ಲಿ ಎರಡು ಸಾಲು ಬರೆದಿಡಿ: ಇವತ್ತು ಎಷ್ಟು ಜನ ನೋಡಿದರು, ಸ್ಟೇಟಸ್ ನೋಡಿ ಬಂದೆ ಎಂದವರು ಎಷ್ಟು. ಒಂದು ತಿಂಗಳಿಗೆ ಯಾವ ಸರಕಿನ ಸ್ಟೇಟಸ್ ಕೆಲಸ ಮಾಡುತ್ತದೆ ಎಂದು ನಿಮಗೇ ತಿಳಿಯುತ್ತದೆ.

ಇವನ್ನು ಸ್ಟೇಟಸ್‌ಗೆ ಹಾಕಬೇಡಿ

ಯಾರ ಸಾಲ ಎಷ್ಟು ಬಾಕಿ ಎಂಬುದು ಸ್ಟೇಟಸ್‌ಗೆ ಬರಬಾರದು. ಬಟವಾಡೆ ದಿನ "ಬಾಕಿ ಇರುವವರು ಕೊಡಿ" ಎಂದು ಎಲ್ಲರಿಗೂ ಕಾಣುವಂತೆ ಹಾಕಿದರೂ, ಬಾಕಿ ಇಲ್ಲದವರಿಗೂ ಮುಜುಗರ. ಆ ಮಾತನ್ನು ಅವರೊಬ್ಬರ ಹತ್ತಿರವೇ ಆಡಿ. ಮನೆಯಲ್ಲಿ ಯಾರೂ ಇಲ್ಲದ ದಿನ "ಇವತ್ತು ಅಂಗಡಿ ರಜ, ಎಲ್ಲರೂ ತಿರುಪತಿಗೆ ಹೋಗುತ್ತಿದ್ದೇವೆ" ಎಂದೂ ಬರೆಯಬೇಡಿ, "ಇವತ್ತು ಅಂಗಡಿ ಇಲ್ಲ" ಎಂದರೆ ಸಾಕು. ಸ್ಟೇಟಸ್ ನೋಡಿ ದುಡ್ಡು ಹಾಕಿದ್ದೇನೆ ಎಂದು ಫೋಟೊ ಕಳಿಸಿದರೆ, ನಿಮ್ಮ ಖಾತೆಗೆ ಹಣ ಬಂದಿದೆಯೇ ಎಂದು ನೋಡಿಯೇ ಸರಕು ಕೊಡಿ. ಹಣ ಬರಲು ನಿಮ್ಮ ಪಿನ್ ಒತ್ತಬೇಕಾಗಿಲ್ಲ. ಒತ್ತಿ ಎಂದು ಯಾರಾದರೂ ಹೇಳಿದರೆ ಅದು ಮೋಸ. ಹೊತ್ತಲ್ಲದ ಹೊತ್ತಿನಲ್ಲಿ ಬೇಡದ ಮೆಸೇಜ್ ಮಾಡುವವರಿಗೆ ಉತ್ತರ ಕೊಡದೆ ಬ್ಲಾಕ್ ಮಾಡಿ, ಮನೆಯವರಿಗೂ ತಿಳಿಸಿ.

ನಾಳೆ ಬೆಳಿಗ್ಗೆ ಹಾಲು ಹಾಕಲು ಡೇರಿಗೆ ಹೋದಾಗ ಸರದಿಯಲ್ಲಿ ನಿಂತವರಲ್ಲಿ ನಿಮ್ಮ ಐದು ಜನ ಗಿರಾಕಿಗಳನ್ನು ಕೇಳಿ ನೋಡಿ: "ನಮ್ಮ ಅಂಗಡಿ ನಂಬರ್ ನಿನ್ನ ಫೋನಿನಲ್ಲಿ ಇದೆಯೇನಮ್ಮ?" ಇಲ್ಲ ಎಂದವರದ್ದನ್ನು ಅಲ್ಲಿಯೇ ಸೇವ್ ಮಾಡಿಸಿ. ಸ್ಟೇಟಸ್ ಹಾಕುವುದು ಆಮೇಲಿನ ಕೆಲಸ.